ಚರ್ಚೆ ಗೆಲ್ಲಬೇಕಾದರೆ ಪಕ್ಕದ ಬೆಂಚು ನೋಡಿ

ಊರಿನ ಕಾಲೇಜಿನಲ್ಲಿ ಚರ್ಚಾ ಸ್ಪರ್ಧೆ ಇದೆ ಎಂದರೆ ಹೊರರಾಜ್ಯದಲ್ಲಿರುವ ಚಿಕ್ಕಪ್ಪ, ಸೋದರಮಾವಂದಿರಿಗೆ ಫೋನ್ ಬರುವುದು ಗ್ಯಾರಂಟಿ. ವಿಶಾಖಪಟ್ಟಣದ ಮಧುರವಾಡದಲ್ಲಿ ಕೆಲಸ ಮಾಡುವ ನನಗೆ ಈ ಸಲ ಹಾಸನದಿಂದ ಅಕ್ಕನ ಮಗಳ ಕರೆ. ಬಿ.ಕಾಂ. ಓದುತ್ತಿರುವ ಹುಡುಗಿ. ವಿಷಯ, ‘ತರಗತಿಯಲ್ಲಿ ಮೊಬೈಲ್ ಇರಬೇಕು’. ಅವಳು ಮಾತಾಡಬೇಕಾದ್ದು ವಿರೋಧವಾಗಿ. “ಮಾಮ, ನಿಮ್ಮ ಆಂಧ್ರದಲ್ಲಿ ಮೊಬೈಲ್ ಬ್ಯಾನ್ ಮಾಡಿದಾರಂತಲ್ಲ, ಅದನ್ನೇ ಹೇಳಿಬಿಟ್ರೆ ಸಾಕಲ್ವಾ?” ಎಂದು ಕೇಳಿದಳು.

ಸಾಕಾಗುವುದಿಲ್ಲ. ಏಕೆ ಎಂಬುದರಲ್ಲೇ ಈ ಚರ್ಚೆಯ ಸೋಲು ಗೆಲುವು ಇದೆ.

ಆಂಧ್ರಪ್ರದೇಶ ಸರ್ಕಾರ 2023ರ ಆಗಸ್ಟ್‌ನಲ್ಲಿ ಶಾಲೆಗಳಿಗೆ ವಿದ್ಯಾರ್ಥಿಗಳು ಮೊಬೈಲ್ ತರುವುದನ್ನು ನಿಷೇಧಿಸಿದ್ದು ನಿಜ. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಯುನೆಸ್ಕೊ ವರದಿಯೊಂದು ಶಾಲೆಗಳಲ್ಲಿ ಸ್ಮಾರ್ಟ್‌ಫೋನ್ ಬಳಕೆಯ ಬಗ್ಗೆ ಎಚ್ಚರಿಸಿತ್ತು. ಆದರೆ ಆಂಧ್ರದ ಆದೇಶ ಶಾಲಾ ಮಕ್ಕಳಿಗೆ ಅನ್ವಯಿಸುವಂಥದ್ದು. ಕಾಲೇಜಿನ ವೇದಿಕೆಯಲ್ಲಿ ಅದನ್ನು ಎತ್ತಿದ ಕೂಡಲೇ ಎದುರಾಳಿ ಎದ್ದು ನಿಲ್ಲುತ್ತಾನೆ: “ನಾವು ಮಕ್ಕಳಲ್ಲ. ಹದಿನೆಂಟು ತುಂಬಿದೆ, ವೋಟು ಹಾಕುತ್ತೇವೆ. ಫೋನ್ ಇಟ್ಟುಕೊಳ್ಳುವ ವಿವೇಕ ನಮಗಿಲ್ಲವೇ?” ಸಭೆ ಚಪ್ಪಾಳೆ ತಟ್ಟುತ್ತದೆ, ವಾದ ಅಲ್ಲಿಗೆ ಮುಗಿಯುತ್ತದೆ.

ಆ ಆದೇಶದಲ್ಲಿ ನಮಗೆ ಉಪಯೋಗಕ್ಕೆ ಬರುವ ಭಾಗ ಬೇರೆ ಇದೆ. ಅದು ಮೇಷ್ಟ್ರುಗಳನ್ನೂ ಬಿಡಲಿಲ್ಲ. ಪಾಠಕ್ಕೆ ಹೋಗುವ ಮುನ್ನ ಅವರೂ ಫೋನನ್ನು ಮುಖ್ಯೋಪಾಧ್ಯಾಯರ ಬಳಿ ಇಡಬೇಕೆಂದು ಹೇಳಿತು. ಅಂದರೆ ಪ್ರಶ್ನೆ ವಯಸ್ಸಿನದಲ್ಲ, ಜಾಗದ್ದು. ನಮ್ಮ ಐಟಿ ವಲಯದಲ್ಲೂ ಗ್ರಾಹಕರ ಸೂಕ್ಷ್ಮ ಮಾಹಿತಿ ನಿಭಾಯಿಸುವ ಎಷ್ಟೋ ಮಹಡಿಗಳಲ್ಲಿ ನಲವತ್ತು ದಾಟಿದವರೂ ಫೋನನ್ನು ಲಾಕರ್‌ನಲ್ಲಿಟ್ಟೇ ಒಳಗೆ ಹೋಗುತ್ತಾರೆ. ಇದರಿಂದ ಯಾರೂ ತಮ್ಮನ್ನು ಮಕ್ಕಳಂತೆ ನೋಡಿದರು ಎಂದುಕೊಳ್ಳುವುದಿಲ್ಲ.

ಚರ್ಚಾ ಭಾಷಣಗಳಲ್ಲಿ ಪದೇ ಪದೇ ಕೇಳಿಬರುವ ಇನ್ನೊಂದು ಪುರಾವೆ ಇಂಗ್ಲೆಂಡಿನದು. 2015ರಲ್ಲಿ ಬೆಲಾಂಡ್ ಮತ್ತು ಮರ್ಫಿ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅಲ್ಲಿನ 91 ಶಾಲೆಗಳ ಫಲಿತಾಂಶ ನೋಡಿ, ಮೊಬೈಲ್ ನಿಷೇಧಿಸಿದ ಮೇಲೆ ಅಂಕಗಳು ಸ್ವಲ್ಪ ಏರಿದವು, ಹಿಂದುಳಿದ ವಿದ್ಯಾರ್ಥಿಗಳಿಗೆ ಹೆಚ್ಚು ಲಾಭವಾಯಿತು ಎಂದರು. ಕೇಳಲು ಚೆನ್ನಾಗಿದೆ. ಆದರೆ ಇದೂ ಶಾಲೆಯದ್ದೇ. ಜೊತೆಗೆ ಸ್ವೀಡನ್ನಿನಲ್ಲಿ ಅದೇ ಬಗೆಯ ಅಧ್ಯಯನ ನಡೆದಾಗ ಅಂಥ ಪರಿಣಾಮ ಕಾಣಲಿಲ್ಲ. ಆ ಪ್ರಬಂಧ 2020ರಲ್ಲಿ ಬಂತು. ಓದಿಕೊಂಡು ಬಂದ ಎದುರಾಳಿ ಸ್ವೀಡನ್ ಎಂದು ಒಂದು ಮಾತು ಹೇಳಿದರೆ ನಮ್ಮ ಕಂಬವೇ ಅಲುಗುತ್ತದೆ.

ಹಾಗಾದರೆ ಕಾಲೇಜಿಗೆ ಒಪ್ಪುವ ಪುರಾವೆ ಯಾವುದು? ಕೆನಡಾದಲ್ಲಿ ಪದವಿ ವಿದ್ಯಾರ್ಥಿಗಳ ಮೇಲೇ ನಡೆದು 2013ರಲ್ಲಿ ಪ್ರಕಟವಾದ ಒಂದು ಪ್ರಯೋಗ. ಸನಾ, ವೆಸ್ಟನ್, ಸೆಪೆಡಾ ಎಂಬ ಮೂವರು ಮಾಡಿದ್ದು. ತರಗತಿಯಂತೆಯೇ ಪಾಠ ನಡೆಸಿದರು. ಮೊದಲ ಸುತ್ತಿನಲ್ಲಿ ಎಲ್ಲರೂ ಲ್ಯಾಪ್‌ಟಾಪಿನಲ್ಲಿ ಟಿಪ್ಪಣಿ ಬರೆದುಕೊಂಡರು. ಅರ್ಧ ಜನಕ್ಕೆ ಮಾತ್ರ ನಡುನಡುವೆ ಅಂತರ್ಜಾಲದಲ್ಲಿ ಅದು ಇದು ಹುಡುಕುವ ಕೆಲಸ ಕೊಟ್ಟರು. ಪಾಠ ಮುಗಿದ ಮೇಲಿನ ಪರೀಕ್ಷೆಯಲ್ಲಿ ಹಾಗೆ ಹುಡುಕಿದವರ ಅಂಕ ಶೇ 11ರಷ್ಟು ಕಡಿಮೆ. ಇದು ಯಾರಾದರೂ ಊಹಿಸಬಹುದಾದ್ದೇ.

ಎರಡನೇ ಸುತ್ತು ನೋಡಿ. ಈ ಸಲ ಪರೀಕ್ಷೆಗೆ ಒಳಗಾದವರ ಕೈಯಲ್ಲಿ ಬರೀ ಪೆನ್ನು, ಹಾಳೆ. ಕೆಲವರನ್ನು ಬೇರೆಯವರು ಹುಡುಕಾಟ ನಡೆಸುತ್ತಿದ್ದ ಪರದೆಗಳು ಕಣ್ಣಿಗೆ ಬೀಳುವ ಜಾಗದಲ್ಲಿ ಕೂರಿಸಿದರು, ಉಳಿದವರನ್ನು ಕಾಣದ ಜಾಗದಲ್ಲಿ. ಪರದೆ ಕಾಣುತ್ತಿದ್ದವರ ಅಂಕ ಶೇ 17ರಷ್ಟು ಕಡಿಮೆ ಬಂತು. ಅವರೇನೂ ತಪ್ಪು ಮಾಡಿರಲಿಲ್ಲ, ಪಕ್ಕದವನ ಪರದೆ ಕಣ್ಣಿಗೆ ಬಿದ್ದಿತ್ತು, ಅಷ್ಟೇ.

ಇಡೀ ಭಾಷಣ ನಿಲ್ಲಬೇಕಾದ್ದು ಈ ನೆಲದ ಮೇಲೆ. ಅದು ಲ್ಯಾಪ್‌ಟಾಪ್ ಪ್ರಯೋಗ, ಮೊಬೈಲಿನದಲ್ಲ, ಭಾಗವಹಿಸಿದವರೂ ಹೆಚ್ಚಿಲ್ಲ. ಇದನ್ನು ಎದುರಾಳಿ ಹೇಳುವ ಮೊದಲೇ ನಾವೇ ಹೇಳಬೇಕು. ಮೊಬೈಲಿನ ಪರದೆ ಚಿಕ್ಕದು ನಿಜ, ಆದರೆ ಮೂವರು ಒತ್ತಿಕೊಂಡು ಕೂರುವ ನಮ್ಮ ಬೆಂಚಿನಲ್ಲಿ ಅದು ಎಷ್ಟು ದೂರದಲ್ಲಿದೆ ಎಂದು ಸಭೆಯನ್ನೇ ಕೇಳಬಹುದು.

ಎದುರು ಪಾಳಿಯ ಅತಿ ಬಲವಾದ ಬಾಣಕ್ಕೂ ಸಿದ್ಧವಿರಬೇಕು. ಅದು 2019ರ ಕೇರಳ ಹೈಕೋರ್ಟ್ ತೀರ್ಪು. ಕೋಯಿಕ್ಕೋಡ್ ಜಿಲ್ಲೆಯ ಕಾಲೇಜೊಂದರ ಮಹಿಳಾ ಹಾಸ್ಟೆಲಿನಲ್ಲಿ ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಫೋನ್ ಬಳಸಬಾರದೆಂಬ ನಿಯಮ ಬಂತು. ಒಪ್ಪದ ವಿದ್ಯಾರ್ಥಿನಿ ಫಹೀಮಾ ಶಿರಿನ್ ಹಾಸ್ಟೆಲ್ ಕಳೆದುಕೊಂಡು ಕೋರ್ಟಿಗೆ ಹೋದರು. ಅಂತರ್ಜಾಲ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ, ಖಾಸಗಿತನದ ಹಕ್ಕಿನ ಭಾಗ ಎಂದು ಹೇಳಿದ ನ್ಯಾಯಾಲಯ ಅವರನ್ನು ಹಾಸ್ಟೆಲಿಗೆ ಮತ್ತೆ ಸೇರಿಸಿಕೊಳ್ಳಲು ಆದೇಶಿಸಿತು.

ಇದನ್ನು ತಪ್ಪು ಎಂದು ವಾದಿಸಲು ಹೋಗಬಾರದು, ಒಪ್ಪಿಕೊಳ್ಳಬೇಕು. ಆ ಹುಡುಗಿ ಕೇಳಿದ್ದು ತನ್ನ ಓದಿನ ಹೊತ್ತಿನಲ್ಲಿ, ತನ್ನ ಕೋಣೆಯಲ್ಲಿ ಫೋನ್. ಬೇರೆಯವರ ಪಾಠಕ್ಕೆ ಅದರಿಂದ ಅಡ್ಡಿ ಇರಲಿಲ್ಲ. ತೀರ್ಪನ್ನು ಹೀಗೆ ಓದಿದರೆ ಅದು ನಮ್ಮ ವಾದಕ್ಕೇ ಗೆರೆ ಎಳೆದು ಕೊಡುತ್ತದೆ.

ಇಷ್ಟನ್ನು ಇಟ್ಟುಕೊಂಡು ನಾವಿಬ್ಬರೂ ಫೋನಿನಲ್ಲೇ ಕಟ್ಟಿದ ಭಾಷಣದ ತಿರುಳು ಹೀಗಿದೆ:

“ಮಾನ್ಯ ಅಧ್ಯಕ್ಷರೇ, ತೀರ್ಪುಗಾರರೇ, ಮೊಬೈಲ್ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಲು ನಾನು ಬಂದಿಲ್ಲ. ನನ್ನ ನೋಟ್ಸ್, ಬಸ್ ಪಾಸ್, ಸ್ಕಾಲರ್‌ಶಿಪ್ ಅರ್ಜಿ ಎಲ್ಲವೂ ಅದರಲ್ಲೇ ಇವೆ. ನಮ್ಮಲ್ಲಿ ಹಲವರ ಮನೆಯಲ್ಲಿ ಅದೇ ಕಂಪ್ಯೂಟರ್. ಹಾಸ್ಟೆಲಿನಲ್ಲಿ, ಲೈಬ್ರರಿಯಲ್ಲಿ ಅದು ನಮ್ಮ ಹಕ್ಕು, ಕೇರಳ ಹೈಕೋರ್ಟ್ ಅದನ್ನು ಎತ್ತಿ ಹಿಡಿದಿದೆ. ನನ್ನ ಪ್ರಶ್ನೆ ಪಾಠ ನಡೆಯುವ ಒಂದು ಗಂಟೆಯದು ಮಾತ್ರ. ಹದಿನೆಂಟು ತುಂಬಿದ ನನಗೆ ನನ್ನ ಅಂಕ ಹಾಳುಮಾಡಿಕೊಳ್ಳುವ ಸ್ವಾತಂತ್ರ್ಯ ಇರಬಹುದು. ಪಕ್ಕದಲ್ಲಿ ಕೂತ ಗೆಳತಿಯ ಅಂಕ ಹಾಳುಮಾಡುವ ಸ್ವಾತಂತ್ರ್ಯ ನನಗೆ ಯಾರು ಕೊಟ್ಟರು? ಮೇಷ್ಟ್ರು ‘ತೆಗೆಯಿರಿ’ ಎಂದಾಗ ತೆಗೆಯೋಣ, ‘ಇಡಿ’ ಎಂದಾಗ ಬ್ಯಾಗಿನೊಳಗೆ ಇಡೋಣ. ಮೇಷ್ಟ್ರೂ ಇಡಲಿ. ನಾನು ಕೇಳುತ್ತಿರುವುದು ಇಷ್ಟೇ.”

ಇದರಲ್ಲಿ ‘ಮೇಷ್ಟ್ರೂ ಇಡಲಿ’ ಎಂಬ ಮಾತು ತೆಗೆದುಬಿಡೋಣವೇ, ತೀರ್ಪುಗಾರರು ಮೇಷ್ಟ್ರುಗಳೇ ಆಗಿರುತ್ತಾರೆ ಎಂದು ಅವಳು ಅನುಮಾನಿಸಿದಳು. ಬೇಡ ಎಂದೆ. ಆ ಮಾತು ಇಲ್ಲದಿದ್ದರೆ ಉಳಿದದ್ದೆಲ್ಲ ದೊಡ್ಡವರು ಚಿಕ್ಕವರಿಗೆ ಹೇಳುವ ಬುದ್ಧಿಮಾತಾಗುತ್ತದೆ. ಅದು ಇದ್ದರೆ ಎಲ್ಲರಿಗೂ ಒಂದೇ ನಿಯಮ ಎಂದಾಗುತ್ತದೆ. ಎಲ್ಲರಿಗೂ ಒಂದೇ ಆದ ನಿಯಮವನ್ನು ಪಾಲಿಸಲು ಹದಿನೆಂಟು ತುಂಬಿದವರಿಗೆ ಅವಮಾನ ಅನಿಸುವುದಿಲ್ಲ.