ತಾಳೆ ನೋಡುವವರ ದತ್ತಾಂಶ ಪಾಠ

ದಿನವಿಡೀ ವಹಿ, ರಸೀದಿ, ಬಾಕಿಪಟ್ಟಿಗಳ ನಡುವೆ ಕೆಲಸ ಮಾಡುವ ಗುಮಾಸ್ತರು ದತ್ತಾಂಶ ವಿಶ್ಲೇಷಣೆಯನ್ನು, ಅಂದರೆ ದಾಖಲೆಗಳ ರಾಶಿಯಿಂದ ಒಂದು ನಿರ್ದಿಷ್ಟ ಪ್ರಶ್ನೆಗೆ ನಂಬಬಹುದಾದ ಉತ್ತರ ಪಡೆಯುವ ವಿದ್ಯೆಯನ್ನು, ಕಲಿಯಲು ಹೊರಟಾಗ ಮೊದಲ ವಾರದಿಂದಲೇ ಪೈಥಾನ್ ಭಾಷೆಯನ್ನು ಹಿಡಿಯಬೇಕೆಂಬ ಸಲಹೆ ಸಾಮಾನ್ಯವಾಗಿ ಸಿಗುತ್ತದೆ. ಈ ಸಲಹೆ ಅವರ ಮಟ್ಟಿಗೆ ಸರಿಯಲ್ಲ. ಮೊತ್ತವನ್ನು ವಹಿಯೊಂದಿಗೆ ತಾಳೆ ನೋಡುವ ಅಭ್ಯಾಸ ಅವರಲ್ಲಿ ಆಗಲೇ ಬೇರೂರಿರುವುದರಿಂದ, ಆರು ತಿಂಗಳ ಯೋಜನೆಯನ್ನು ಆ ಅಭ್ಯಾಸದ ಮೇಲೆಯೇ ಕಟ್ಟುವುದು ಉಚಿತ. ಉದಾಹರಣೆಗೆ ಪುರಸಭೆಯೊಂದರ ನೀರಿನ ಶುಲ್ಕ ವಿಭಾಗದ ದ್ವಿತೀಯ ದರ್ಜೆ ಸಹಾಯಕರನ್ನು ತೆಗೆದುಕೊಂಡರೆ, ಬೇಡಿಕೆ, ವಸೂಲಿ ಮತ್ತು ಬಾಕಿ ಎಂಬ ಮೂರು ಅಂಕಣಗಳ ವಹಿಯೇ ಅವರ ಪಠ್ಯವಾಗಬಲ್ಲದು.

ಕೆಲಸದ ದಿನಗಳಲ್ಲಿ ನಾಲ್ಕು ಸಂಜೆ ಮುಕ್ಕಾಲು ಗಂಟೆಯಂತೆ ಮತ್ತು ಭಾನುವಾರ ಮೂರು ಗಂಟೆ, ಒಟ್ಟು ವಾರಕ್ಕೆ ಆರು ಗಂಟೆ ಸಿಕ್ಕರೆ ಸಾಕು. ಮಾರ್ಚ್ ತಿಂಗಳ ಲೆಕ್ಕ ಮುಕ್ತಾಯದ ಒತ್ತಡದಲ್ಲಿ ಹೊಸ ಕಲಿಕೆ ನಿಲ್ಲುವುದೇ ಹೆಚ್ಚಾದ್ದರಿಂದ, ಮೇ ತಿಂಗಳಲ್ಲಿ ಆರಂಭಿಸಿ ಅಕ್ಟೋಬರ್‌ನಲ್ಲಿ ಮುಗಿಸುವುದು ಒಳಿತು. ಗ್ರಾಹಕರ ಹೆಸರು, ವಿಳಾಸ, ಮೊಬೈಲ್ ಸಂಖ್ಯೆಗಳಿರುವ ಕಡತವನ್ನು ಮನೆಗೆ ಒಯ್ಯುವುದು ತಪ್ಪು. ವೈಯಕ್ತಿಕ ದತ್ತಾಂಶದ ರಕ್ಷಣೆಗೆಂದೇ 2023ರಲ್ಲಿ ಸಂಸತ್ತು ಕಾನೂನು ಮಾಡಿದೆ. ಆದ್ದರಿಂದ ಅಭ್ಯಾಸಕ್ಕೆ ಅದೇ ನಮೂನೆಯ ಕಲ್ಪಿತ ನಮೂದುಗಳನ್ನು ತಾವೇ ಸಿದ್ಧಪಡಿಸಿಕೊಳ್ಳಬೇಕು, ಇಲ್ಲವೇ data.gov.in ತಾಣದಲ್ಲಿ ಸರ್ಕಾರವೇ ಪ್ರಕಟಿಸಿರುವ ಪಟ್ಟಿಗಳನ್ನು ಬಳಸಬೇಕು.

ಮೊದಲ ಎರಡು ತಿಂಗಳು ಎಕ್ಸೆಲ್ ಅಥವಾ ಉಚಿತವಾಗಿ ದೊರೆಯುವ ಲಿಬ್ರೆಆಫೀಸ್ ಕ್ಯಾಲ್ಕ್‌ಗೆ ಮೀಸಲು. ಮೊದಲ ವಾರದ ಅಭ್ಯಾಸವೆಂದರೆ ವಹಿಯ ಮಾದರಿಯಲ್ಲಿ ಇನ್ನೂರು ರಸೀದಿಗಳನ್ನು ಒಂದು ರಸೀದಿಗೆ ಒಂದು ಸಾಲು, ಒಂದು ವಿಷಯಕ್ಕೆ ಒಂದು ಅಂಕಣ ಎಂಬ ನಿಯಮದಂತೆ, ಯಾವ ಕೋಶವನ್ನೂ ಮತ್ತೊಂದರೊಡನೆ ಕೂಡಿಸದೆ ನಮೂದಿಸುವುದು. ಎರಡನೆಯ ವಾರ ಮೊತ್ತಗಳದ್ದು. ಕಚೇರಿ ರೂಢಿಯಂತೆ `250/-` ಎಂದು ಬರೆದ ಕೋಶ ಯಂತ್ರದ ಪಾಲಿಗೆ ಸಂಖ್ಯೆಯಲ್ಲ, ಪಠ್ಯ. `SUM` ಸೂತ್ರವು ಅದನ್ನು ಯಾವ ಎಚ್ಚರಿಕೆಯನ್ನೂ ಕೊಡದೆ ಬಿಟ್ಟುಬಿಡುವುದರಿಂದ ವಸೂಲಿ ಕಡಿಮೆಯಾಗಿ ಕಾಣುತ್ತದೆ. ತುಂಬಿದ ಕೋಶಗಳನ್ನೆಲ್ಲ ಎಣಿಸುವ `COUNTA` ಮತ್ತು ಸಂಖ್ಯೆಗಳನ್ನಷ್ಟೇ ಎಣಿಸುವ `COUNT` ಎರಡನ್ನೂ ತಲೆಬರಹ ಬಿಟ್ಟು ಅದೇ ಅಂಕಣದ ಮೇಲೆ ಪ್ರಯೋಗಿಸಿದರೆ, ಅವುಗಳ ವ್ಯತ್ಯಾಸವೇ ದೋಷವಿರುವ ಕೋಶಗಳ ಸಂಖ್ಯೆ.

ಮೂರನೆಯ ವಾರ ಬರುವ ದಿನಾಂಕದ ದೋಷ ಇದಕ್ಕಿಂತ ಸೂಕ್ಷ್ಮವಾದುದು. ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ಅಮೆರಿಕದ ಪದ್ಧತಿಯಲ್ಲಿದ್ದರೆ, ಏಪ್ರಿಲ್ 3 ಎಂಬರ್ಥದಲ್ಲಿ ಬರೆದ 03/04/2025 ಮಾರ್ಚ್ 4 ಆಗಿಬಿಡುತ್ತದೆ. ಆದರೆ ಹದಿನೈದನೆಯ ತಿಂಗಳು ಇಲ್ಲವಾದ್ದರಿಂದ 15/04/2025 ಪಠ್ಯವಾಗಿಯೇ ಉಳಿಯುತ್ತದೆ. ಪಠ್ಯವಾಗಿ ಉಳಿದದ್ದನ್ನು `ISNUMBER` ಸೂತ್ರ ಹಿಡಿದುಕೊಡುತ್ತದೆ, ತಪ್ಪಾಗಿ ತಿರುಗಿದ್ದನ್ನು ಯಾವ ಸೂತ್ರವೂ ತಾನಾಗಿ ಹಿಡಿಯದು. ಏಪ್ರಿಲ್ ತಿಂಗಳೊಂದರ ರಸೀದಿಗಳನ್ನು ತಿಂಗಳುವಾರು ಎಣಿಸಿದಾಗ ಜನವರಿಯಿಂದ ಡಿಸೆಂಬರ್‌ವರೆಗೆ ಎಲ್ಲ ತಿಂಗಳಲ್ಲೂ ಒಂದಷ್ಟು ರಸೀದಿಗಳು ಕಾಣಿಸಿಕೊಂಡರೆ, ದಿನ ಮತ್ತು ತಿಂಗಳು ಅದಲುಬದಲಾಗಿವೆ ಎಂದು ತಿಳಿಯಬೇಕು. ಈ ಹಂತದಲ್ಲಿ ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದ ಹೆಸರುಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದೂ ಸೇರಿದೆ, ಏಕೆಂದರೆ ಪರಿವರ್ತಿಸದ ಹೆಸರುಗಳು ಅಕಾರಾದಿಯಾಗಿ ಜೋಡಣೆಯಾಗುವುದಿಲ್ಲ. ಉಳಿದ ವಾರಗಳಲ್ಲಿ `COUNTIFS` ಬಳಸಿ ಎರಡು ಸಲ ನಮೂದಾದ ರಸೀದಿಗಳನ್ನು ಹುಡುಕುವುದು, `VLOOKUP` ಮೂಲಕ ಸಂಪರ್ಕ ಸಂಖ್ಯೆಗೆ ವಾರ್ಡ್ ಜೋಡಿಸುವುದು, ಪಿವೋಟ್ ಕೋಷ್ಟಕದಲ್ಲಿ ವಾರ್ಡ್‌ವಾರು ಮೊತ್ತ ತೆಗೆಯುವುದು ನಡೆಯಬೇಕು. ಎಂಟನೆಯ ವಾರದ ಕೊನೆಗೆ ಆ ಮೊತ್ತವು ಅಭ್ಯಾಸದ ವಹಿಯ ಮೊತ್ತದೊಂದಿಗೆ ರೂಪಾಯಿಗೆ ರೂಪಾಯಿ ತಾಳೆಯಾಗದಿದ್ದರೆ ಮುಂದಿನ ಹಂತಕ್ಕೆ ಹೋಗಬಾರದು.

ಮೂರು ಮತ್ತು ನಾಲ್ಕನೆಯ ತಿಂಗಳು ಎಸ್‌ಕ್ಯೂಎಲ್ ಕಲಿಕೆಗೆ. ಕೋಷ್ಟಕಗಳಿಗೆ ಪ್ರಶ್ನೆ ಕೇಳುವ ಈ ಭಾಷೆಯನ್ನು ಉಚಿತವಾದ ಎಸ್‌ಕ್ಯೂಲೈಟ್ ತಂತ್ರಾಂಶದಲ್ಲಿ, ಅಂತರ್ಜಾಲ ಸಂಪರ್ಕವಿಲ್ಲದೆಯೂ ಕಲಿಯಬಹುದು. ಸಾಲುಗಳನ್ನು ಆರಿಸುವುದು, ಗುಂಪು ಮಾಡಿ ಕೂಡುವುದು ಮೂರು ವಾರಗಳಲ್ಲಿ ಕೈಗೆ ಬರುತ್ತವೆ. ಎರಡು ಕೋಷ್ಟಕಗಳನ್ನು ಬೆಸೆಯುವ ಜಾಯಿನ್ ಎಂಬ ಕ್ರಿಯೆಗೆ ಮಾತ್ರ ಕನಿಷ್ಠ ನಾಲ್ಕು ವಾರ ಬೇಕು, ಏಕೆಂದರೆ ಇಲ್ಲಾಗುವ ತಪ್ಪು ಹೊರನೋಟಕ್ಕೆ ತಪ್ಪೆಂದೇ ತೋರುವುದಿಲ್ಲ. ಒಂದು ಮನೆಗೆ ತಲಾ 200 ರೂಪಾಯಿಯ ಮೂರು ಬಿಲ್ಲುಗಳಿದ್ದು, ಆ ಮನೆಯವರು 300 ಮತ್ತು 200 ರೂಪಾಯಿಗಳನ್ನು ಎರಡು ರಸೀದಿಗಳಲ್ಲಿ ಕಟ್ಟಿದ್ದಾರೆ ಎಂದುಕೊಂಡರೆ ನಿಜವಾದ ಬಾಕಿ 100 ರೂಪಾಯಿ. ಬಿಲ್ಲು ಮತ್ತು ರಸೀದಿ ಕೋಷ್ಟಕಗಳನ್ನು ನೇರವಾಗಿ ಬೆಸೆದಾಗ ಪ್ರತಿ ಬಿಲ್ಲೂ ಪ್ರತಿ ರಸೀದಿಯೊಡನೆ ಸೇರಿ ಆರು ಸಾಲುಗಳಾಗುತ್ತವೆ. ಬೇಡಿಕೆ 1,200, ವಸೂಲಿ 1,500 ಎಂದಾಗಿ, ಬಾಕಿದಾರರೇ 300 ರೂಪಾಯಿ ಹೆಚ್ಚು ಕಟ್ಟಿದಂತೆ ಲೆಕ್ಕ ಬರುತ್ತದೆ. ಎರಡನ್ನೂ ಸಂಪರ್ಕ ಸಂಖ್ಯೆಯ ಪ್ರಕಾರ ಮೊದಲೇ ಕೂಡಿ, ಆಮೇಲೆ ಬೆಸೆಯುವುದೇ ಪರಿಹಾರ.

```sql
SELECT b.conn_no, b.bill - COALESCE(r.paid, 0) AS baki
FROM (SELECT conn_no, SUM(amount) AS bill
      FROM bills GROUP BY conn_no) b
LEFT JOIN (SELECT conn_no, SUM(amount) AS paid
      FROM receipts GROUP BY conn_no) r
ON b.conn_no = r.conn_no;
```

ಇಲ್ಲಿರುವ `COALESCE` ಸಣ್ಣ ಪದವಾದರೂ ಅದನ್ನು ಬಿಡುವಂತಿಲ್ಲ. ಒಂದು ರೂಪಾಯಿಯನ್ನೂ ಕಟ್ಟದ ಮನೆಗೆ ರಸೀದಿ ಕೋಷ್ಟಕದಲ್ಲಿ ಸಾಲೇ ಇರುವುದಿಲ್ಲವಾದ್ದರಿಂದ ಅದರ ವಸೂಲಿ ಸೊನ್ನೆಯಾಗದೆ `NULL`, ಅಂದರೆ ಬೆಲೆಯೇ ಇಲ್ಲದ ಸ್ಥಿತಿ, ಆಗುತ್ತದೆ. ಅದನ್ನು ಕಳೆದರೆ ಬಾಕಿಯೂ `NULL` ಆಗಿ ಒಟ್ಟು ಮೊತ್ತದಿಂದ ಹೊರಗುಳಿಯುತ್ತದೆ. ಹೀಗೆ ಏನನ್ನೂ ಕಟ್ಟದವರೇ ಬಾಕಿಯ ಲೆಕ್ಕದಿಂದ ಮಾಯವಾಗುತ್ತಾರೆ. ಈ ನಾಲ್ಕು ವಾರಗಳ ಅಭ್ಯಾಸವು ಒಂದೇ ಬಗೆಯದು: ಬೆಸೆಯುವ ಮುನ್ನ ಎಷ್ಟು ಸಾಲುಗಳಿದ್ದವು, ಬೆಸೆದ ಮೇಲೆ ಎಷ್ಟಾದವು, ಏಕೆ ಎಂಬುದನ್ನು ಪ್ರತಿ ಸಲವೂ ಕಾಗದದ ಮೇಲೆ ಬರೆದಿಡುವುದು.

ಐದನೆಯ ತಿಂಗಳಲ್ಲಿ ಸಂಖ್ಯಾಶಾಸ್ತ್ರದ ಒಂದೆರಡು ಅಳತೆಗಳು ಮತ್ತು ನಕ್ಷೆಗಳು ಸಾಕು. ಹತ್ತು ಸಂಪರ್ಕಗಳಲ್ಲಿ ಒಂಬತ್ತು ಮನೆಗಳ ಬಾಕಿ ತಲಾ 200 ರೂಪಾಯಿ, ಒಂದು ಹೋಟೆಲಿನದು 20,000 ರೂಪಾಯಿ ಇದ್ದರೆ ಸರಾಸರಿ 2,180 ಆಗುತ್ತದೆ, ಆದರೆ ಅಷ್ಟು ಬಾಕಿ ಅಲ್ಲಿ ಯಾರದ್ದೂ ಅಲ್ಲ. ಬೆಲೆಗಳನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಡುವೆ ಬರುವ ಮಧ್ಯಾಂಕ 200. ಈ ಎರಡು ಅಂಕಿಗಳ ನಡುವಿನ ಅಂತರ ದೊಡ್ಡದಿದ್ದಲ್ಲಿ ಕೆಲವೇ ದೊಡ್ಡ ಬಾಕಿಗಳಿವೆ ಎಂದರ್ಥವಾದ್ದರಿಂದ, ಊರಿಗೆಲ್ಲ ನೋಟಿಸು ಕಳಿಸುವ ಮೊದಲು ಆ ಹೋಟೆಲಿಗೆ ಹೋಗುವುದು ಸೂಕ್ತ. ನಕ್ಷೆಗೆ ವಾರ್ಡ್‌ವಾರು ಅಡ್ಡಪಟ್ಟಿಗಳು ಸಾಕಾಗುತ್ತವೆ, ಬಣ್ಣಬಣ್ಣದ ವೃತ್ತಗಳ ಅಗತ್ಯವಿಲ್ಲ.

ಆರನೆಯ ತಿಂಗಳು ಒಂದೇ ಪ್ರಶ್ನೆಗೆ ಮೀಸಲಾಗಬೇಕು: ಆರು ತಿಂಗಳಿಗೂ ಹಳೆಯದಾದ ಬಾಕಿ ಯಾವ ವಾರ್ಡಿನಲ್ಲಿ, ಯಾವ ಬಗೆಯ ಸಂಪರ್ಕಗಳಲ್ಲಿ ಸೇರಿಕೊಂಡಿದೆ? ಮೊದಲ ವಾರ ದತ್ತಾಂಶದ ಶುದ್ಧೀಕರಣ, ಎರಡನೆಯ ವಾರ ಲೆಕ್ಕ, ಮೂರನೆಯ ವಾರ ಒಂದು ಪುಟದ ವರದಿ. ವರದಿಯ ಕೆಳಗೆ ಎಷ್ಟು ಸಾಲುಗಳನ್ನು ಕೈಬಿಡಲಾಗಿದೆ ಮತ್ತು ಏಕೆ ಎಂಬುದನ್ನು ನಮೂದಿಸುವುದು ಕಡ್ಡಾಯ. ಕೊನೆಯ ವಾರ ಆ ವರದಿಯ ಐದು ಸಂಪರ್ಕಗಳನ್ನು ಸಹೋದ್ಯೋಗಿಯೊಬ್ಬರಿಂದ ಆಯ್ಕೆ ಮಾಡಿಸಿ, ಮೂಲ ನಮೂದುಗಳನ್ನು ಕೈಯಾರೆ ಕೂಡಿ ನೋಡಬೇಕು. ಒಂದು ತಾಳೆಯಾಗದಿದ್ದರೂ ದೋಷ ಆ ಒಂದರಲ್ಲೇ ಇದೆಯೆಂದು ತಿದ್ದಿ ಮುಗಿಸದೆ, ಅದೇ ಕಾರಣಕ್ಕೆ ಇನ್ನೆಷ್ಟು ಸಾಲುಗಳು ಕೆಟ್ಟಿವೆ ಎಂಬುದನ್ನು ಪ್ರಶ್ನೆ ಬರೆದು ಹುಡುಕಬೇಕು. ಇಷ್ಟು ಸಾಧಿಸಿದವರು ಏಳನೆಯ ತಿಂಗಳಲ್ಲಿ ಪೈಥಾನ್ ಹಿಡಿದು, ಇದೇ ಕೆಲಸವನ್ನು ಪ್ರತಿ ತಿಂಗಳೂ ಕೈಯಿಂದ ಮಾಡದೆ ಆಜ್ಞೆಯೊಂದರಿಂದ ನಡೆಸುವುದನ್ನು ಕಲಿಯಬಹುದು.