ಎಕ್ಸೆಲ್ ಅಂದ್ರೆ ಎಷ್ಟು ಇಂಚು, ಹೇಳಿ

ತಣಿಸಂದ್ರದ ಮನೆಯಿಂದಲೇ ಕಾಟನ್ ಕುರ್ತಿ ಮಾರ್ತೀನಿ. ಬಟ್ಟೆ ವಾಪಸ್ ಬಂದಾಗೆಲ್ಲ ‘ಜನಕ್ಕೆ ತಮ್ಮ ಅಳತೆನೇ ಗೊತ್ತಿಲ್ಲ’ ಅಂತ ಗೊಣಗೋರಲ್ಲಿ ನಾನೂ ಒಬ್ಬಳಾಗಿದ್ದೆ. ಈಗ ಹೇಳ್ತೀನಿ, ಬಹಳ ಸಲ ತಪ್ಪು ಮಾರೋರದ್ದೇ.

ಒಂದ್ಸಲ ‘ಎಕ್ಸೆಲ್, 42’ ಅಂತ ಹಾಕಿದ್ದೆ. ಎದೆ ಸುತ್ತಳತೆ 42 ಇದ್ದ ಒಬ್ಬರು ತರಿಸ್ಕೊಂಡು, ಕೈ ಎತ್ತೋಕೇ ಆಗಲ್ಲ ಅಂತ ವಾಪಸ್ ಕಳಿಸಿದ್ರು. ನಾನು ಬರೆದ 42 ಬಟ್ಟೆದು, ಅವರು ಓದಿದ್ದು ಮೈದು. ಎಳೆದ್ರೆ ಹಿಗ್ಗದ ಕಾಟನ್ ಮೈಗಿಂತ ಎರಡು ಮೂರು ಇಂಚು ಜಾಸ್ತಿ ಇರ್ಬೇಕು.

ಈಗ ಕುರ್ತಿನ ನೆಲದ ಮೇಲೆ ಎಳೆಯದೆ ಹಾಸಿ, ಒಂದು ಕಂಕುಳಿಂದ ಇನ್ನೊಂದಕ್ಕೆ ಟೇಪ್ ಹಿಡೀತೀನಿ. 21 ಬಂದ್ರೆ ಅದರ ಎರಡರಷ್ಟು. ಹೀಗೆ ಬರೀತೀನಿ: ‘ಕುರ್ತಿಯ ಎದೆ ಸುತ್ತಳತೆ 42 ಇಂಚು. ನಿಮ್ಮದು 39-40 ಇದ್ರೆ ಸರಿಹೋಗುತ್ತೆ. ಬಟ್ಟೆ ಹಿಗ್ಗಲ್ಲ.’

‘ಪ್ಯೂರ್ ಕಾಟನ್’ ಅಂತ ಬರೆದು ಸುಮ್ಮನಾಗೋದೂ ಅರ್ಧ ಮಾತೇ. ಒಂದು ಪೀಸ್ ನಾನೇ ಒಗೆದು ಒಣಗಿಸಿದೆ. 44 ಇಂಚಿದ್ದ ಉದ್ದ 43 ಆಯ್ತು, ಅಗಲ ಅಷ್ಟೇನೂ ಬದಲಾಗ್ಲಿಲ್ಲ. ಅದನ್ನೂ ಬರೆದೆ. ಬೆಳಕಿಗೆ ಹಿಡಿದ್ರೆ ಕೈ ಕಾಣಿಸೋಷ್ಟು ತೆಳುವಾಗಿದ್ರೆ ‘ಒಳಗೆ ಶಿಮ್ಮಿ ಬೇಕು’ ಅಂತಾನೂ ಬರೀತೀನಿ.

‘ಇಷ್ಟೆಲ್ಲಾ ಹೇಳಿದ್ರೆ ಯಾರು ತಗೋತಾರೆ?’ ಅಂತಾರೆ ಪಕ್ಕದ ಮನೆಯವರು. ಹಿಡಿಸದೇ ಇರೋರು ಓದಿಯೇ ಬಿಟ್ಟುಬಿಡ್ಲಿ. ತಗೊಂಡು, ಹಾಕಿ ನೋಡಿ, ಬೇಜಾರಾಗಿ ವಾಪಸ್ ಕಳಿಸಿದ್ರೆ ಹೋಗಿಬರೋ ಕೊರಿಯರ್ ದುಡ್ಡು ಕೊಡೋದು ಯಾರು? ನಾನೇ ತಾನೆ!