‘ಮಾರಾಟಕ್ಕಲ್ಲ’ ಎಂದು ಬರೆದ ಕಬ್ಬಿಣಾಂಶದ ಮಾತ್ರೆ: ಸ್ಟ್ರಿಪ್‌ನ ಹಿಂಭಾಗ ಏನು ಹೇಳುತ್ತದೆ?

ನಿಮ್ಮ ವಾಟ್ಸಾಪ್ ಗುಂಪಿಗೆ ಹೀಗೊಂದು ಸಂದೇಶ ಬಂದಿದೆ ಎಂದುಕೊಳ್ಳಿ. ನೀಲಿ ಮಾತ್ರೆಗಳ ಒಂದು ಸ್ಟ್ರಿಪ್‌ನ ಫೋಟೋ. ಅದರ ಮೇಲಿನ ‘ನಾಟ್ ಫಾರ್ ಸೇಲ್’ ಎಂಬ ಸಾಲಿಗೆ ಕೆಂಪು ಗೆರೆಯ ಸುತ್ತು ಹಾಕಿದ್ದಾರೆ. ಕೆಳಗೆ, “ಅಂಗಡಿಯಲ್ಲಿ ಮಾರಲು ಅನುಮತಿಯೇ ಇಲ್ಲದ ಮಾತ್ರೆಯನ್ನು ಶಾಲೆಯಲ್ಲಿ ನಮ್ಮ ಮಕ್ಕಳಿಗೆ ಕೊಡುತ್ತಿದ್ದಾರೆ. ಬೆಲೆ ಕೂಡ ಇಲ್ಲ. ಎಲ್ಲರಿಗೂ ಕಳುಹಿಸಿ” ಎಂದು ಬರೆದಿದೆ.

ಫೋಟೋ ನಿಜವಾದದ್ದೇ ಇರಬಹುದು. ತಪ್ಪಿರುವುದು ಅದನ್ನು ಓದಿದ ರೀತಿಯಲ್ಲಿ. ಆ ಸ್ಟ್ರಿಪ್ ಅನ್ನು ಸರಿಯಾಗಿ ಓದುವುದು ಹೇಗೆ, ಮತ್ತು ಮನೆಯಲ್ಲಿ ಪುಟ್ಟ ಮಗುವಿದ್ದರೆ ಆ ಓದು ಯಾಕೆ ಜೀವ ಉಳಿಸಬಹುದು ಎಂಬುದನ್ನು ನೋಡೋಣ.

‘ಮಾರಾಟಕ್ಕಲ್ಲ’ ಎಂದರೆ ನಿಷೇಧಿತ ಎಂದೇ?

ಅಲ್ಲ. ಆ ಸಾಲು ಬರೆದಿರುವುದು ಔಷಧ ಅಂಗಡಿಯವರಿಗಾಗಿ. ಸರ್ಕಾರ ಹಣ ಕೊಟ್ಟು ಕೊಂಡು ಉಚಿತವಾಗಿ ಹಂಚುವ ಔಷಧ ದಾರಿ ತಪ್ಪಿ ಅಂಗಡಿಗೆ ಬಂದು, ಅಲ್ಲಿ ಹಣಕ್ಕೆ ಮಾರಾಟವಾಗಬಾರದು ಎಂಬುದು ಅದರ ಉದ್ದೇಶ. 1945ರ ಔಷಧ ನಿಯಮಗಳ 65ನೇ ನಿಯಮದ ಪ್ರಕಾರ, ಸರ್ಕಾರಿ ಸಂಸ್ಥೆಗಳ ಬಳಕೆಗೆ ಎಂದು ಗುರುತು ಹಾಕಿದ ಔಷಧವನ್ನು ಪರವಾನಗಿ ಪಡೆದ ಅಂಗಡಿಯವರು ಮಾರುವಂತಿಲ್ಲ, ಅಂಗಡಿಯಲ್ಲಿ ದಾಸ್ತಾನು ಇಡುವಂತೆಯೂ ಇಲ್ಲ. ವೈದ್ಯರಿಗೆ ಕಂಪನಿಗಳು ಕೊಡುವ ಸ್ಯಾಂಪಲ್ ಮಾತ್ರೆಗಳಿಗೂ ಇದೇ ನಿಯಮವಿದೆ.

ಬೆಲೆ ಮುದ್ರಿಸದೇ ಇರುವುದಕ್ಕೂ ಕಾರಣ ಇದೇ. ಚಿಲ್ಲರೆ ಮಾರಾಟಕ್ಕೆ ಇಲ್ಲದ ವಸ್ತುವಿಗೆ ಎಂಆರ್‌ಪಿ ಬೇಕಿಲ್ಲ. ಬಣ್ಣದ ರಟ್ಟಿನ ಪೆಟ್ಟಿಗೆ, ಆಕರ್ಷಕ ಬ್ರ್ಯಾಂಡ್ ಹೆಸರು ಇಲ್ಲದಿರುವುದೂ ಅಷ್ಟೇ ಸಹಜ. ಸರ್ಕಾರ ಕೊಳ್ಳುವುದು ಔಷಧದ ಮೂಲ ಹೆಸರಿನಲ್ಲಿ.

ಒಂದು ಮಾತು ನೆನಪಿರಲಿ. ಆ ಸಾಲು ಮಾತ್ರೆ ಕೆಟ್ಟದ್ದು ಎಂದು ಹೇಳುವುದಿಲ್ಲ, ಒಳ್ಳೆಯದು ಎಂದೂ ಹೇಳುವುದಿಲ್ಲ. ಮಾತ್ರೆ ಯಾವುದು, ಯಾರಿಗೆ, ಯಾವಾಗಿನವರೆಗೆ ಎಂಬುದು ಬೇರೆ ಸಾಲುಗಳಲ್ಲಿದೆ.

ಯಾವ ಸಾಲುಗಳನ್ನು ಓದಬೇಕು?

ಮೊದಲು ಔಷಧದ ಹೆಸರು ಮತ್ತು ಪ್ರಮಾಣ. ಫೋಟೋದಲ್ಲಿರುವಂಥ ನೀಲಿ ಸ್ಟ್ರಿಪ್‌ನಲ್ಲಿ ಫೆರಸ್ ಸಲ್ಫೇಟ್ ಮತ್ತು ಫೋಲಿಕ್ ಆಮ್ಲದ ಹೆಸರಿರುತ್ತದೆ. ಫೆರಸ್ ಸಲ್ಫೇಟ್ ಎಂಬುದು ಕಬ್ಬಿಣದ ಲವಣ. ಅದರಲ್ಲಿ ಕಬ್ಬಿಣದ ಪಾಲು ಎಷ್ಟು ಎಂಬುದನ್ನು ‘ಎಲಿಮೆಂಟಲ್ ಐರನ್’ ಅಥವಾ ‘ಇಕ್ವಿವಲೆಂಟ್ ಟು ಫೆರಸ್ ಐರನ್’ ಎಂಬ ಮಾತಿನ ಮುಂದೆ ಬರೆದಿರುತ್ತಾರೆ. ನಮಗೆ ಬೇಕಾದದ್ದು ಈ ಎರಡನೇ ಸಂಖ್ಯೆ.

2018ರಲ್ಲಿ ಆರಂಭವಾದ ಕೇಂದ್ರದ ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮದಲ್ಲಿ ವಯಸ್ಸಿಗೆ ತಕ್ಕಂತೆ ಮಾತ್ರೆಗೆ ಬಣ್ಣ ಗೊತ್ತುಮಾಡಿದ್ದಾರೆ.

- ಗುಲಾಬಿ: 5ರಿಂದ 9 ವರ್ಷದ ಮಕ್ಕಳಿಗೆ, ವಾರಕ್ಕೊಂದು. ಕಬ್ಬಿಣ 45 ಮಿ.ಗ್ರಾಂ.
- ನೀಲಿ: 10ರಿಂದ 19 ವರ್ಷದವರಿಗೆ, ವಾರಕ್ಕೊಂದು. ಕಬ್ಬಿಣ 60 ಮಿ.ಗ್ರಾಂ.
- ಕೆಂಪು: ಗರ್ಭಿಣಿಯರಿಗೆ ನಾಲ್ಕನೇ ತಿಂಗಳಿಂದ ಮತ್ತು ಹೆರಿಗೆಯ ನಂತರ ಬಾಣಂತಿಯರಿಗೆ, ದಿನಕ್ಕೊಂದರಂತೆ 180 ದಿನ. ಕಬ್ಬಿಣ 60 ಮಿ.ಗ್ರಾಂ.

ಐದು ವರ್ಷದೊಳಗಿನ ಮಕ್ಕಳಿಗೆ ಮಾತ್ರೆ ಇಲ್ಲ, ಸಿರಪ್ ಇದೆ. ಒಂದು ಬಾರಿಗೆ ಒಂದು ಮಿ.ಲೀ. ಮಾತ್ರ, ವಾರಕ್ಕೆ ಎರಡು ಸಲ.

ನೀಲಿ ಮತ್ತು ಕೆಂಪು ಮಾತ್ರೆಯಲ್ಲಿ ಕಬ್ಬಿಣದ ಪ್ರಮಾಣ ಒಂದೇ. ಆದರೂ ಬಣ್ಣ ಬೇರೆ ಮಾಡಿದ್ದೇಕೆ? ಕೆಂಪು ಮಾತ್ರೆ ಎಂದರೆ ಗರ್ಭಿಣಿಯರ ಮಾತ್ರೆ ಎಂದು ಜನರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಅದನ್ನೇ ಹೈಸ್ಕೂಲಿನ ಹುಡುಗಿಯರಿಗೆ ಕೊಟ್ಟರೆ ಅವರೂ ಮನೆಯವರೂ ಹಿಂಜರಿಯುವುದು ಸಹಜ. ಗೊಂದಲ ಬೇಡವೆಂದು ಹರೆಯದವರಿಗೆ ನೀಲಿ ಬಂತು.

ಹಾಗಂತ ಬಣ್ಣವೊಂದನ್ನೇ ನಂಬಬಾರದು. ಖಾಸಗಿ ಕಂಪನಿಗಳ ಬೇರೆ ಔಷಧಗಳೂ ಕೆಂಪು, ನೀಲಿ, ಗುಲಾಬಿ ಬಣ್ಣದಲ್ಲಿ ಬರುತ್ತವೆ. ಬಣ್ಣ ಸುಳಿವು ಅಷ್ಟೇ, ಸಾಕ್ಷಿ ಇರುವುದು ಹೆಸರಿನಲ್ಲಿ.

ಎರಡನೆಯದು ಬ್ಯಾಚ್ ಸಂಖ್ಯೆ, ತಯಾರಾದ ತಿಂಗಳು ಮತ್ತು ಅವಧಿ ಮುಗಿಯುವ ತಿಂಗಳು. ಅವಧಿಯ ಜಾಗದಲ್ಲಿ ತಿಂಗಳು ಮತ್ತು ವರ್ಷ ಮಾತ್ರ ಇದ್ದರೆ, ಆ ತಿಂಗಳ ಕೊನೆಯ ದಿನದವರೆಗೆ ಬಳಸಬಹುದು ಎಂದರ್ಥ. ಮೂರನೆಯದು ತಯಾರಕರ ಹೆಸರು, ವಿಳಾಸ ಮತ್ತು ಪರವಾನಗಿ ಸಂಖ್ಯೆ. ಉಚಿತ ಔಷಧವಾದರೂ ಇವು ಇರಲೇಬೇಕು. ‘ಮಾರಾಟಕ್ಕಲ್ಲ’ ಎಂಬ ಸಾಲಿದ್ದು ಇವು ಇಲ್ಲದಿದ್ದರೆ ಆಗ ಅನುಮಾನ ಪಡಬೇಕು.

ಜಂತುಹುಳು ಮಾತ್ರೆ ಗುರುತಿಸುವುದು ಹೇಗೆ?

ಅದರ ಮೇಲೆ ‘ಆಲ್ಬೆಂಡಜೋಲ್ 400 ಮಿ.ಗ್ರಾಂ’ ಎಂದಿರುತ್ತದೆ. ಇದು ಅಗಿದು ತಿನ್ನುವ ಮಾತ್ರೆ. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಅಂಗನವಾಡಿ, ಶಾಲೆಗಳಲ್ಲಿ ಇದನ್ನು ಕೊಡುತ್ತಾರೆ. ಸಾಮಾನ್ಯವಾಗಿ ಫೆಬ್ರವರಿ 10 ಮತ್ತು ಆಗಸ್ಟ್ 10ರಂದು ಇದು ನಡೆಯುತ್ತದೆ. ಒಂದರಿಂದ ಎರಡು ವರ್ಷದ ಮಗುವಿಗೆ ಅರ್ಧ ಮಾತ್ರೆ, ಅದಕ್ಕಿಂತ ದೊಡ್ಡವರಿಗೆ ಒಂದು. ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯ ಇರುವುದರಿಂದ ಚಿಕ್ಕ ಮಕ್ಕಳಿಗೆ ಪುಡಿ ಮಾಡಿ ನೀರಿನೊಂದಿಗೆ ಕೊಡಬೇಕು.

ಈ ಮಾತ್ರೆಯನ್ನು ಸಿಬ್ಬಂದಿಯ ಕಣ್ಣೆದುರೇ ತಿನ್ನಿಸಬೇಕು, ಮನೆಗೆ ಕಳಿಸುವಂತಿಲ್ಲ. ಆ ದಿನ ಹುಷಾರಿಲ್ಲದ ಮಕ್ಕಳಿಗೆ ಕೊಡುವುದಿಲ್ಲ. ಹೊಟ್ಟೆಯಲ್ಲಿ ಹುಳು ಹೆಚ್ಚಿರುವ ಮಕ್ಕಳಿಗೆ ಮಾತ್ರೆ ತಿಂದ ಮೇಲೆ ಸ್ವಲ್ಪ ಹೊಟ್ಟೆನೋವು, ವಾಕರಿಕೆ ಬರಬಹುದು. ಅದು ಸಾಮಾನ್ಯವಾಗಿ ಬೇಗ ಇಳಿಯುತ್ತದೆ.

ಹಾಗಾದರೆ ಅಪಾಯವೇ ಇಲ್ಲವೇ?

ಇದೆ. ಆದರೆ ಅದು ಸಂದೇಶ ಹೇಳಿದ ಕಡೆ ಇಲ್ಲ. ವಾರಕ್ಕೊಂದು ನೀಲಿ ಮಾತ್ರೆ ತಿನ್ನುವ ಹೈಸ್ಕೂಲು ಹುಡುಗಿಗೆ ಹೊಟ್ಟೆ ತೊಳಸಬಹುದು, ಅದರಲ್ಲೂ ಖಾಲಿ ಹೊಟ್ಟೆಯಲ್ಲಿ ತಿಂದರೆ. ಮಲ ಕಪ್ಪಾಗಬಹುದು. ದೇಹ ಹೀರಿಕೊಳ್ಳದ ಕಬ್ಬಿಣ ಹೊರಹೋಗುವುದರಿಂದ ಹಾಗಾಗುತ್ತದೆ, ಗಾಬರಿ ಬೇಡ.

ನಿಜವಾದ ಅಪಾಯ ಇರುವುದು ಗರ್ಭಿಣಿ ಅಥವಾ ಬಾಣಂತಿ ಇರುವ ಮನೆಯಲ್ಲಿ, ದಿಂಬಿನ ಪಕ್ಕ ಇಟ್ಟ ಕೆಂಪು ಸ್ಟ್ರಿಪ್‌ನಲ್ಲಿ. ಮೇಲೆ ಸಕ್ಕರೆ ಲೇಪ, ಬಣ್ಣ ಚಾಕೊಲೇಟ್ ಗುಂಡಿನಂತೆ. ಅಮ್ಮ ದಿನಾ ತಿನ್ನುವುದನ್ನು ಮೊದಲ ಮಗು ನೋಡುತ್ತಲೇ ಇರುತ್ತದೆ. ದೊಡ್ಡವರಿಗೆ ಒಳ್ಳೆಯದು ಮಾಡುವ ಕಬ್ಬಿಣ, ಚಿಕ್ಕ ಮಗು ಒಮ್ಮೆಗೇ ಹೆಚ್ಚು ತಿಂದರೆ ವಿಷವಾಗುತ್ತದೆ.

ಎಷ್ಟು ಹೆಚ್ಚು? ಮಗುವಿನ ತೂಕದ ಪ್ರತಿ ಕಿಲೋಗೆ 20 ಮಿ.ಗ್ರಾಂ ದಾಟಿದರೆ ವಿಷದ ಲಕ್ಷಣಗಳು ಕಾಣಿಸಿಕೊಳ್ಳಬಹುದು. 60 ಮಿ.ಗ್ರಾಂ ದಾಟಿದರೆ ಜೀವಕ್ಕೇ ಅಪಾಯ.

ಒಂದು ಲೆಕ್ಕ ಮಾಡಿ ನೋಡೋಣ. ಒಂದೂವರೆ ವರ್ಷದ ಮಗು, ತೂಕ 10 ಕೆ.ಜಿ. ಹತ್ತು ಮಾತ್ರೆಯ ಕೆಂಪು ಸ್ಟ್ರಿಪ್‌ನಲ್ಲಿ ತಾಯಿ ಎರಡು ತಿಂದಿದ್ದರು. ಈಗ ಒಂದೇ ಉಳಿದಿದೆ. ಅಂದರೆ ಏಳು ಮಾತ್ರೆ ಲೆಕ್ಕಕ್ಕೆ ಸಿಗುತ್ತಿಲ್ಲ. ಒಂದೆರಡು ಮಂಚದ ಕೆಳಗೆ ಬಿದ್ದಿರಬಹುದು, ಆದರೆ ಕೈಗೆ ಸಿಗುವವರೆಗೆ ಎಲ್ಲವನ್ನೂ ಮಗುವೇ ತಿಂದಿದೆ ಎಂದೇ ಎಣಿಸಬೇಕು. ಏಳು ಮಾತ್ರೆಗೆ 60ರಂತೆ 420 ಮಿ.ಗ್ರಾಂ. ಹತ್ತು ಕೆ.ಜಿ.ಗೆ ಭಾಗಿಸಿದರೆ ಕಿಲೋಗೆ 42 ಮಿ.ಗ್ರಾಂ. ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಪ್ರಮಾಣ ಇದು. ಇಡೀ ಸ್ಟ್ರಿಪ್ ಹೋಗಿದ್ದರೆ ಲೆಕ್ಕ ಸರಿಯಾಗಿ 60ಕ್ಕೆ ನಿಲ್ಲುತ್ತಿತ್ತು.

ಅದೇ ಮಗು ಅಂಗಡಿಯಲ್ಲಿ ಕೊಂಡ, 100 ಮಿ.ಗ್ರಾಂ ಕಬ್ಬಿಣ ಇರುವ ಏಳು ಮಾತ್ರೆ ತಿಂದಿದ್ದರೆ? ಆಗ ಕಿಲೋಗೆ 70 ಮಿ.ಗ್ರಾಂ ಆಗುತ್ತದೆ, ಚಿಕಿತ್ಸೆಯ ತುರ್ತೇ ಬೇರೆ. ವೈದ್ಯರು ಮೊದಲು ಕೇಳುವುದು “ಯಾವ ಮಾತ್ರೆ, ಎಷ್ಟು?” ಎಂದೇ. “ಆಶಾ ಕೊಟ್ಟ ಕೆಂಪು ಮಾತ್ರೆ” ಎಂಬ ಉತ್ತರಕ್ಕಿಂತ ಕೈಯಲ್ಲಿರುವ ಸ್ಟ್ರಿಪ್ ಎಷ್ಟೋ ಹೆಚ್ಚು ಹೇಳುತ್ತದೆ.

ಮಗು ತಿಂದಿದೆ ಎಂದು ಗೊತ್ತಾದರೆ

108ಕ್ಕೆ ಕರೆ ಮಾಡಿ, ಅಥವಾ ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ ಹೊರಡಿ. ಸ್ಟ್ರಿಪ್, ಉಳಿದ ಮಾತ್ರೆ ಎರಡನ್ನೂ ಒಯ್ಯಿರಿ. ಮಗು ಯಾವಾಗ ತಿಂದಿರಬಹುದು ಎಂಬುದನ್ನು ನೆನಪಿಟ್ಟುಕೊಳ್ಳಿ. ಬಾಯಿಗೆ ಬೆರಳು ಹಾಕಿ ಅಥವಾ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ.

ಮೊದಲ ಆರು ಗಂಟೆಯೊಳಗೆ ವಾಂತಿ, ಭೇದಿ ಆಗಬಹುದು, ಅದರಲ್ಲಿ ರಕ್ತವೂ ಕಾಣಬಹುದು. ಜನ ಮೋಸಹೋಗುವುದು ಅದರ ನಂತರ. ವಾಂತಿ ನಿಂತು ಮಗು ಚೇತರಿಸಿಕೊಂಡಂತೆ ಕಾಣುತ್ತದೆ. “ಹೊರಗೆ ಬಂತಲ್ಲ, ಸರಿಹೋಯ್ತು” ಎಂದು ಮನೆಯಲ್ಲೇ ಉಳಿಯುವವರಿದ್ದಾರೆ. ಆದರೆ ಆ ಹೊತ್ತಿನಲ್ಲೂ ಕಬ್ಬಿಣ ಒಳಗೆ ಯಕೃತ್ತಿಗೆ, ಹೃದಯಕ್ಕೆ ಹಾನಿ ಮಾಡುತ್ತಿರಬಹುದು. ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡಿ, ಅಗತ್ಯವಿದ್ದರೆ ಕಬ್ಬಿಣವನ್ನು ಹಿಡಿದು ಹೊರಹಾಕುವ ಡಿಫೆರಾಕ್ಸಮಿನ್ ಎಂಬ ಔಷಧ ಕೊಡುತ್ತಾರೆ.

ಸ್ಟ್ರಿಪ್ ಕತ್ತರಿಸಿದಾಗ ಏನಾಗುತ್ತದೆ?

ಬ್ಯಾಚ್ ಸಂಖ್ಯೆ ಮತ್ತು ಅವಧಿಯನ್ನು ಹೆಚ್ಚಾಗಿ ಸ್ಟ್ರಿಪ್‌ನ ಒಂದು ತುದಿಯಲ್ಲಿ ಮಾತ್ರ ಒತ್ತಿರುತ್ತಾರೆ. ಐದು ಮಾತ್ರೆ ಕತ್ತರಿಸಿ ಕೊಟ್ಟರೆ ಆ ತುದಿ ಇನ್ನೊಬ್ಬರ ಮನೆಗೆ ಹೋಗಿರಬಹುದು. ಆದ್ದರಿಂದ ಕತ್ತರಿಸುವ ಮುನ್ನ ಇಡೀ ಸ್ಟ್ರಿಪ್‌ನ ಹಿಂಭಾಗದ ಒಂದು ಫೋಟೋ ತೆಗೆದುಕೊಳ್ಳಿ. ಕಾಗದದಲ್ಲಿ ಕಟ್ಟಿದ ಬಿಡಿ ಮಾತ್ರೆ ಯಾವುದೆಂದು ಗೊತ್ತಾಗದಿದ್ದರೆ ಬಣ್ಣ ನೋಡಿ ಊಹಿಸಬೇಡಿ, ಕೊಟ್ಟವರಿಗೇ ಹಿಂದಿರುಗಿಸಿ ಸ್ಟ್ರಿಪ್ ಕೇಳಿ. ಲೇಪ ಒಡೆದು ಅಂಟಂಟಾದ ಮಾತ್ರೆಯನ್ನೂ ಹಿಂದಿರುಗಿಸಿ.

ಇಂಥ ಸ್ಟ್ರಿಪ್ ಅನ್ನು ಔಷಧ ಅಂಗಡಿಯಲ್ಲಿ ಹಣಕ್ಕೆ ಮಾರಿದರೆ, ಬ್ಯಾಚ್ ಸಂಖ್ಯೆ ಕಾಣುವ ಫೋಟೋ ಮತ್ತು ಬಿಲ್ ಇಟ್ಟುಕೊಂಡು ನಿಮ್ಮ ಭಾಗದ ಔಷಧ ನಿರೀಕ್ಷಕರಿಗೆ ದೂರು ಕೊಡಿ. ಕಾನೂನಿನ ಪ್ರಕಾರ ತಪ್ಪು ಅದು.

ಸಂದೇಶದ ಬಗ್ಗೆ ಕೊನೆಯ ಮಾತು

‘ಮಾರಾಟಕ್ಕಲ್ಲ’ ಎಂಬ ಸಾಲಿಗೆ ಸುತ್ತು ಹಾಕಿದ ಫೋಟೋ ಬಂದರೆ, ಕಳುಹಿಸಿದವರನ್ನು ಇಡೀ ಸ್ಟ್ರಿಪ್‌ನ ಫೋಟೋ ಕೇಳಿ. ಹೆಸರು, ಪ್ರಮಾಣ, ಬ್ಯಾಚ್, ಅವಧಿ, ತಯಾರಕರು ಇವಿಷ್ಟೂ ಸರಿಯಿದ್ದರೆ ಆ ಸಂದೇಶದಲ್ಲಿ ಹುರುಳಿಲ್ಲ. ಅವಧಿ ಮುಗಿದಿದ್ದರೆ ಗುಂಪಿಗೆ ಕಳಿಸಿ ಪ್ರಯೋಜನವಿಲ್ಲ. ಬ್ಯಾಚ್ ಸಂಖ್ಯೆಯ ಸಮೇತ ಶಾಲೆಯ ಮುಖ್ಯೋಪಾಧ್ಯಾಯರಿಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ತಿಳಿಸಿ. ಅದೇ ಬ್ಯಾಚ್‌ನ ಉಳಿದ ಸ್ಟ್ರಿಪ್‌ಗಳನ್ನು ಹಿಂದಕ್ಕೆ ತರಿಸಲು ಅವರಿಗೆ ಬೇಕಾಗುವುದು ಆ ಸಂಖ್ಯೆಯೇ.